ನೋವು ನಿಂತ ಮೇಲೂ ಉಳಿಯುವ ಕೆಲಸ: ದವಡೆ ಹಲ್ಲಿನ ರೂಟ್ ಕೆನಾಲ್ ಚಿಕಿತ್ಸೆ, ಹಂತ ಹಂತವಾಗಿ

ಕುಮಟಾದ ನನ್ನ ಚಿಕಿತ್ಸಾಲಯಕ್ಕೆ ಬರುವವರು ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದವರಿರಲಿ, ಕರಾವಳಿಯ ಅಂಕೋಲಾ, ಹೊನ್ನಾವರದವರಿರಲಿ, ರೂಟ್ ಕೆನಾಲ್ ಎಂದೊಡನೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ. ಎಷ್ಟು ನೋಯುತ್ತದೆ, ಎಷ್ಟು ಸಲ ಬರಬೇಕು, ಕೊನೆಗೆ ಕ್ಯಾಪ್ ಹಾಕಿಸಲೇಬೇಕೇ. ಮೊದಲ ಪ್ರಶ್ನೆಯ ಬಗ್ಗೆಯೇ ಜನರಿಗೆ ಹೆದರಿಕೆ ಹೆಚ್ಚು. ಆದರೆ ಹಲ್ಲು ಕೈತಪ್ಪುವುದು ಸಾಮಾನ್ಯವಾಗಿ ಉಳಿದ ಎರಡು ಪ್ರಶ್ನೆಗಳನ್ನು ಹಗುರವಾಗಿ ತೆಗೆದುಕೊಂಡಾಗ. ಆದ್ದರಿಂದ ಕೆಳದವಡೆಯ ಮೊದಲ ದವಡೆ ಹಲ್ಲೊಂದನ್ನೇ ಉದಾಹರಣೆಯಾಗಿಟ್ಟುಕೊಂಡು, ಕುರ್ಚಿಯಲ್ಲಿ ಕುಳಿತಾಗ ಏನೇನು ನಡೆಯುತ್ತದೆ ಮತ್ತು ಮನೆಗೆ ಹೋದ ಮೇಲೆ ಏನನ್ನು ನಿರೀಕ್ಷಿಸಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಈ ಹಲ್ಲನ್ನೇ ಆರಿಸಿಕೊಳ್ಳಲು ಕಾರಣವಿದೆ. ಶಾಶ್ವತ ಹಲ್ಲುಗಳಲ್ಲಿ ಬಹಳ ಬೇಗ, ಸುಮಾರು 6ನೇ ವಯಸ್ಸಿಗೇ ಹುಟ್ಟುವ ಇದನ್ನು ಹಾಲುಹಲ್ಲೆಂದೇ ಭಾವಿಸಿ ಹುಳುಕಾಗಲು ಬಿಡುವ ಮನೆಗಳು ಅನೇಕ. ಜಗಿಯುವ ಭಾರವೆಲ್ಲ ಇದರ ಮೇಲೆಯೇ ಬೀಳುತ್ತದೆ. ಅಡಿಕೆಯ ಸೀಮೆಯಾದ ನಮ್ಮಲ್ಲಿ ಕವಳದ ಗಟ್ಟಿ ಹೋಳುಗಳನ್ನು ದಶಕಗಳ ಕಾಲ ಅರೆದು ಇದರ ಮೇಲ್ಮೈ ಸವೆದಿರುವುದೂ, ಅಲ್ಲಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರುವುದೂ ತೀರ ಸಾಮಾನ್ಯ.

ಉದಾಹರಣೆಗೆ ಸಿದ್ದಾಪುರ ಕಡೆಯ ಅಡಿಕೆ ಬೆಳೆಗಾರರೊಬ್ಬರನ್ನು ತೆಗೆದುಕೊಳ್ಳುತ್ತೇನೆ. ವಯಸ್ಸು 46, ತೊಂದರೆ ಬಲಗಡೆಯ ಕೆಳದವಡೆಯಲ್ಲಿ. ಇಲ್ಲಿ ಅವರನ್ನು ಹೆಗಡೆಯವರು ಎಂದು ಕರೆಯೋಣ. ಅದು ನಿಜವಾದ ಹೆಸರಲ್ಲ, ಗುರುತಿನ ವಿವರಗಳನ್ನೂ ಬದಲಿಸಿದ್ದೇನೆ.

ಹಂತ 1: ರೂಟ್ ಕೆನಾಲ್ ಬೇಕೇ ಎಂಬುದನ್ನು ತೀರ್ಮಾನಿಸುವುದು

ಹಲ್ಲಿನ ಹೊರಗಿನ ಗಟ್ಟಿ ಪದರಗಳ ಒಳಗೆ ತಿರುಳು ಇರುತ್ತದೆ. ರಕ್ತನಾಳಗಳು, ನರದ ಎಳೆಗಳು ಮತ್ತು ಮೃದುವಾದ ಅಂಗಾಂಶ ಸೇರಿದ ಈ ತಿರುಳು ಹಲ್ಲಿನ ನಡುವಿನ ಕೋಣೆಯಲ್ಲಿದ್ದು, ಅಲ್ಲಿಂದ ಬೇರುಗಳೊಳಗಿನ ಸಣ್ಣ ಕಾಲುವೆಗಳ ಮೂಲಕ ಬೇರಿನ ತುದಿಯವರೆಗೂ ಇಳಿಯುತ್ತದೆ. ಈ ಕಾಲುವೆಗೇ ಕೆನಾಲ್ ಎನ್ನುತ್ತಾರೆ. ಜನರು ನರ ತೆಗೆಯುವುದು ಎನ್ನುವ ಚಿಕಿತ್ಸೆಯಲ್ಲಿ ನಾವು ತೆಗೆಯುವುದು ಈ ಇಡೀ ತಿರುಳನ್ನು. ದವಡೆಯ ಮೂಳೆಯೊಳಗೆ ಹಾದುಹೋಗುವ ದೊಡ್ಡ ನರಕ್ಕೆ ಯಾರೂ ಕೈಹಾಕುವುದಿಲ್ಲ. ಕಣ್ಣಿನ ನರಕ್ಕೆ ಪೆಟ್ಟಾಗುತ್ತದೆಯೇ ಎಂದು ಇಂದಿಗೂ ಕೇಳುವವರಿದ್ದಾರೆ. ಹಾಗೇನೂ ಆಗುವುದಿಲ್ಲ.

ತಿರುಳು ಕೇವಲ ಕೆರಳಿದ್ದರೆ ತಣ್ಣೀರು ಕುಡಿದಾಗ ಚುಳ್ ಎಂದ ಹಲ್ಲು ಕೆಲವೇ ಸೆಕೆಂಡುಗಳಲ್ಲಿ ಸುಮ್ಮನಾಗುತ್ತದೆ. ಆಗ ಹುಳುಕನ್ನು ತೆಗೆದು ಹಲ್ಲು ತುಂಬಿಸಿದರೆ ಸಾಮಾನ್ಯವಾಗಿ ಸಾಕು. ಆದರೆ ತಣ್ಣನೆಯದು ತಾಕಿದ ನೋವು ನಿಮಿಷಗಟ್ಟಲೆ ಉಳಿಯುತ್ತಿದ್ದರೆ, ಕಾರಣವಿಲ್ಲದೆ ತಾನಾಗಿಯೇ ಎದ್ದು ಬರುತ್ತಿದ್ದರೆ, ರಾತ್ರಿ ಮಲಗಿದಾಗ ಹೆಚ್ಚಾಗಿ ಎದ್ದು ಕುಳಿತರೆ ತುಸು ತಗ್ಗುತ್ತಿದ್ದರೆ, ತಿರುಳು ಮತ್ತೆ ಸುಧಾರಿಸುವ ಸ್ಥಿತಿಯನ್ನು ದಾಟಿದೆ ಎಂದೇ ಹೆಚ್ಚಿನ ಸಂದರ್ಭಗಳಲ್ಲಿ ಅರ್ಥ. ಅದರ ನಂತರದ್ದು ತಿರುಳು ಸತ್ತ ಸ್ಥಿತಿ. ಆಗ ತಣ್ಣೀರಿಗೆ ಏನೂ ಅನ್ನಿಸುವುದಿಲ್ಲ, ಬದಲಾಗಿ ಕಚ್ಚಿದಾಗ ನೋಯುತ್ತದೆ ಅಥವಾ ವಸಡಿನಲ್ಲಿ ಕೀವಿನ ಗುಳ್ಳೆ ಏಳುತ್ತದೆ.

ಹೆಗಡೆಯವರು ಬಂದಾಗ ಅವರ ಬೆರಳು ತೋರಿಸಿದ್ದು ಮೇಲ್ದವಡೆಯನ್ನು. ಕಿವಿಯೂ ನೋಯುತ್ತದೆ ಎಂದರು. ತಿರುಳಿನ ನೋವಿಗೆ ಈ ಮೋಸದ ಗುಣವಿದೆ. ಮೇಲಿನದನ್ನು ಕೆಳಗಿನದೆಂದೂ ಕೆಳಗಿನದನ್ನು ಮೇಲಿನದೆಂದೂ ತೋರಿಸುತ್ತದೆ, ಕಿವಿಗೂ ಕೆನ್ನೆಗೂ ಹರಡುತ್ತದೆ, ಆದರೆ ಬಲಗಡೆಯದು ಎಡಗಡೆಗೆ ದಾಟುವುದು ಬಹಳ ಅಪರೂಪ. ಆದ್ದರಿಂದ ನೀವು ತೋರಿಸಿದ ಹಲ್ಲಿಗೆ ವೈದ್ಯರು ನೇರವಾಗಿ ಕೈಹಾಕದೆ, ತಣ್ಣನೆಯ ಹತ್ತಿಯನ್ನು ಅಕ್ಕಪಕ್ಕದ ಮತ್ತು ಮೇಲಿನ ಹಲ್ಲುಗಳಿಗೂ ತಾಕಿಸಿ, ಒಂದೊಂದನ್ನೂ ಮೆಲ್ಲಗೆ ತಟ್ಟಿ ನೋಡಿದರೆ ಬೇಸರಪಡಬೇಡಿ. ತಪ್ಪು ಹಲ್ಲನ್ನು ತೆರೆಯದಿರಲು ಬೇರೆ ದಾರಿಯಿಲ್ಲ. ಇವರಲ್ಲಿ ಕೆಳಗಿನ ಮೊದಲ ದವಡೆ ಹಲ್ಲಿಗೆ ತಂಪು ತಾಕಿಸಿದಾಗ ಎದ್ದ ನೋವು ಒಂದು ನಿಮಿಷ ಕಳೆದರೂ ಇಳಿಯಲಿಲ್ಲ. ಎಕ್ಸ್‌ರೇಯಲ್ಲಿ ಹುಳುಕು ತಿರುಳಿನ ಕೋಣೆಯನ್ನು ಮುಟ್ಟಿತ್ತು, ಬೇರಿನ ತುದಿಯ ಸುತ್ತಲಿನ ಮೂಳೆ ಮಾತ್ರ ಆರೋಗ್ಯವಾಗಿತ್ತು. ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಈ ಹಂತದಲ್ಲೇ ಬೇಡ ಎನ್ನಬೇಕಾದ ಹಲ್ಲುಗಳೂ ಇವೆ. ಬಿರುಕು ಮೇಲಿನಿಂದ ಬೇರಿನೊಳಗೆ ಉದ್ದಕ್ಕೆ ಇಳಿದಿದ್ದರೆ, ಮುಂದೆ ಕ್ಯಾಪ್ ಹಿಡಿದು ನಿಲ್ಲುವಷ್ಟು ಗಟ್ಟಿ ಭಾಗ ವಸಡಿನ ಮೇಲೆ ಉಳಿದಿರದಿದ್ದರೆ, ಅಥವಾ ವಸಡಿನ ರೋಗದಿಂದ ಹಲ್ಲು ಬಹಳ ಅಲ್ಲಾಡುತ್ತಿದ್ದರೆ, ಒಳಗನ್ನು ಎಷ್ಟು ಚೊಕ್ಕಟ ಮಾಡಿದರೂ ಹಲ್ಲು ಉಳಿಯುವುದಿಲ್ಲ. ಚಿಕಿತ್ಸೆ ಆರಂಭಿಸುವ ಮುನ್ನ ಮೇಲೆ ಕ್ಯಾಪ್ ನಿಲ್ಲುತ್ತದೆಯೇ ಎಂದು ನೀವೇ ಕೇಳಿಬಿಡುವುದು ಒಳ್ಳೆಯದು.

ಹಂತ 2: ಹೊರಡುವ ಮುನ್ನ

ಊಟ ಮಾಡಿಯೇ ಬನ್ನಿ. ಬಾಯಿ ಜೋಮು ಹಿಡಿದ ಮೇಲೆ ಎರಡು ಮೂರು ಗಂಟೆ ಸರಿಯಾಗಿ ತಿನ್ನಲಾಗುವುದಿಲ್ಲ, ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ದೇವಿಮನೆ ಘಟ್ಟ ಇಳಿದು ಬಂದರೆ ತಲೆಸುತ್ತು ಬರುವ ಸಂಭವವೂ ಇದೆ. ದಿನನಿತ್ಯದ ಮಾತ್ರೆಗಳನ್ನು ತಪ್ಪಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯನ್ನಂತೂ ನೀವಾಗಿ ನಿಲ್ಲಿಸಲೇಬೇಡಿ, ಏಕೆಂದರೆ ಹಲ್ಲು ಕೀಳುವಾಗಿನಂತೆ ಇಲ್ಲಿ ರಕ್ತ ಹೋಗುವುದಿಲ್ಲ, ನಿಲ್ಲಿಸುವುದರಿಂದಾಗುವ ಅಪಾಯವೇ ದೊಡ್ಡದು. ಹೃದಯದ ಕವಾಟದ ಶಸ್ತ್ರಚಿಕಿತ್ಸೆ, ಗರ್ಭ, ಮಾತ್ರೆಗಳ ಅಲರ್ಜಿ, ಮೂಳೆ ಸವೆತಕ್ಕೆ ತೆಗೆದುಕೊಳ್ಳುತ್ತಿರುವ ಔಷಧ, ಇವುಗಳಲ್ಲಿ ಯಾವುದಿದ್ದರೂ ಮೊದಲೇ ತಿಳಿಸಿ.

ಈ ಹಂತದ ದೊಡ್ಡ ತಪ್ಪೆಂದರೆ ಮೆಡಿಕಲ್ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗುವುದು. ಹೆಗಡೆಯವರೂ ಐದು ದಿನ ನುಂಗಿದ್ದರು, ನೋವು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಗಟ್ಟಿ ಗೋಡೆಗಳ ನಡುವೆ ಊದಿಕೊಂಡ ತಿರುಳಿನ ನೋವು ಉರಿಯೂತದ್ದು, ಅದಕ್ಕೆ ಆಂಟಿಬಯೋಟಿಕ್ ಉತ್ತರವಲ್ಲ. ಸತ್ತ ತಿರುಳಿಗಾದರೆ ರಕ್ತವೇ ಹರಿಯದ ಕಾರಣ ಔಷಧ ಅಲ್ಲಿಗೆ ತಲುಪುವುದೂ ಇಲ್ಲ. ಜ್ವರ ಬಂದಿದ್ದರೆ ಅಥವಾ ಬಾವು ಮುಖಕ್ಕೆ ಹರಡುತ್ತಿದ್ದರೆ ಮಾತ್ರ ಅದರ ಅಗತ್ಯ ಬೀಳುತ್ತದೆ. ಲವಂಗದ ಎಣ್ಣೆಯ ಬಗ್ಗೆ ಒಂದು ಮಾತು: ಹುಳುಕಿನ ಗುಳಿಯಲ್ಲಿ ಒಂದು ಹನಿ ಹತ್ತಿಯಲ್ಲಿಟ್ಟರೆ ಸ್ವಲ್ಪ ಹೊತ್ತು ಸಮಾಧಾನ ಸಿಗುತ್ತದೆ, ಆದರೆ ವಸಡಿಗೆ ಸುರಿದುಕೊಂಡರೆ ಸುಟ್ಟ ಗಾಯವಾಗುತ್ತದೆ. ಹೊಗೆಸೊಪ್ಪನ್ನು ಒತ್ತಿಟ್ಟುಕೊಳ್ಳುವ ಅಭ್ಯಾಸವಿದ್ದರೆ ಬಿಟ್ಟುಬಿಡಿ.

ಹಂತ 3: ಜೋಮು ಹಿಡಿಸುವುದು

ಕೆಳದವಡೆಯ ಹಿಂದಿನ ಹಲ್ಲುಗಳಿಗೆ, ನರವು ದವಡೆಯ ಮೂಳೆಯೊಳಗೆ ಪ್ರವೇಶಿಸುವ ಜಾಗದ ಸಮೀಪ ಇಂಜೆಕ್ಷನ್ ಕೊಡುತ್ತಾರೆ. ಸಾಮಾನ್ಯವಾಗಿ ಬಳಸುವುದು 2% ಲಿಗ್ನೊಕೇನ್ ಮತ್ತು ಅದರೊಡನೆ ಅತ್ಯಲ್ಪ ಪ್ರಮಾಣದ ಅಡ್ರಿನಲಿನ್. ಅಡ್ರಿನಲಿನ್‌ನಿಂದ ಒಂದೆರಡು ನಿಮಿಷ ಎದೆ ಡವಗುಟ್ಟಬಹುದು, ಅದು ತಾನಾಗಿಯೇ ಇಳಿಯುತ್ತದೆ. ಸುಮಾರು 5ರಿಂದ 10 ನಿಮಿಷಗಳಲ್ಲಿ ಆ ಬದಿಯ ಕೆಳತುಟಿ ಮತ್ತು ನಾಲಿಗೆಯ ಅರ್ಧ ದಪ್ಪವಾದಂತೆ ಅನ್ನಿಸುತ್ತದೆ.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ತುಟಿ ಜೋಮು ಹಿಡಿದ ಮಾತ್ರಕ್ಕೆ ಉರಿಯುತ್ತಿರುವ ತಿರುಳೂ ಜೋಮು ಹಿಡಿದಿದೆ ಎನ್ನಲಾಗದು. ರಾತ್ರಿಯೆಲ್ಲ ನೋಯಿಸಿದ ಕೆಳದವಡೆಯ ಹಲ್ಲಿನಲ್ಲಿ ಮೊದಲ ಇಂಜೆಕ್ಷನ್ ಸಾಲದೆ ಹೋಗುವುದು ಎಷ್ಟೋ ಸಲ ಆಗುತ್ತದೆ. ಅದು ವೈದ್ಯರ ಅಜಾಗರೂಕತೆಯಲ್ಲ, ಉರಿಯೂತವಾದ ನರದ ಸ್ವಭಾವ. ಹೆಗಡೆಯವರಲ್ಲಿಯೂ ಹಾಗೆಯೇ ಆಯಿತು. ಹಲ್ಲಿನ ಪಕ್ಕದಲ್ಲಿ ಹೆಚ್ಚುವರಿ ಇಂಜೆಕ್ಷನ್ ಕೊಟ್ಟ ಮೇಲೆಯೇ ಕೆಲಸ ಮುಂದುವರಿಯಿತು. ನೋವಾದರೆ ಎಡಗೈ ಎತ್ತಿ ತಿಳಿಸಿ. ಸಹಿಸಿಕೊಂಡು ಕುಳಿತು ಆಮೇಲೆ ನಾಲ್ಕು ಊರಿಗೆ ಹೇಳುವುದಕ್ಕಿಂತ ಆಗಲೇ ತಿಳಿಸಿದರೆ ಇಬ್ಬರಿಗೂ ಅನುಕೂಲ, ಏಕೆಂದರೆ ಮತ್ತಷ್ಟು ಮರಗಟ್ಟಿಸುವ ದಾರಿಗಳಿವೆ.

ಹಂತ 4: ರಬ್ಬರ್ ಡ್ಯಾಮ್ ಕಟ್ಟಿ ಹಲ್ಲನ್ನು ತೆರೆಯುವುದು

ರಬ್ಬರ್ ಡ್ಯಾಮ್ ಎಂದರೆ ಮಧ್ಯದಲ್ಲಿ ತೂತಿರುವ ತೆಳು ರಬ್ಬರ್ ಹಾಳೆ. ಚಿಕಿತ್ಸೆಯ ಹಲ್ಲೊಂದೇ ಆ ತೂತಿನಿಂದ ಮೇಲೆ ಕಾಣುವಂತೆ ಸಣ್ಣ ಕ್ಲಿಪ್ಪಿನಿಂದ ಅದನ್ನು ಹಿಡಿಸುತ್ತಾರೆ. ಎಂಜಲು ಹಲ್ಲಿನೊಳಗೆ ಇಳಿಯಬಾರದು, ಒಳಗೆ ಹಾಕುವ ದ್ರಾವಣ ಗಂಟಲಿಗೆ ಹೋಗಬಾರದು, ಕೈತಪ್ಪಿದ ಸಣ್ಣ ಉಪಕರಣ ಶ್ವಾಸನಾಳ ಸೇರಬಾರದು, ಈ ಮೂರಕ್ಕೂ ಅದೇ ಕಾವಲು. ಉಸಿರುಗಟ್ಟುತ್ತದೆಂದು ಕೆಲವರು ಬೇಡವೆನ್ನುತ್ತಾರೆ. ಮೂಗಿನಿಂದ ಉಸಿರಾಡಿದರೆ ಎರಡು ನಿಮಿಷದಲ್ಲಿ ಒಗ್ಗಿಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ, ಒಬ್ಬ ರೋಗಿ ತನ್ನ ವೈದ್ಯರನ್ನು ಒಂದೇ ಒಂದು ಪ್ರಶ್ನೆ ಕೇಳುವುದಾದರೆ ರಬ್ಬರ್ ಡ್ಯಾಮ್ ಹಾಕುತ್ತೀರಾ ಎಂದೇ ಕೇಳಬೇಕು.

ಬಳಿಕ ಹುಳುಕನ್ನು ಪೂರ್ತಿಯಾಗಿ ಕೊರೆದು ತೆಗೆದು, ತಿರುಳಿನ ಕೋಣೆಯ ಚಾವಣಿಯನ್ನು ತೆರೆದು, ಕೆಳಗೆ ಕಾಲುವೆಗಳ ಬಾಯಿಗಳನ್ನು ಹುಡುಕುತ್ತಾರೆ. ಈ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ಕಾಲುವೆ: ಮುಂದಿನ ಬೇರಿನಲ್ಲಿ ಎರಡು, ಹಿಂದಿನದರಲ್ಲಿ ಒಂದು. ಹಿಂದಿನ ಬೇರಿನಲ್ಲಿಯೂ ಎರಡಿರುವ ಹಲ್ಲುಗಳು ಅಪರೂಪವಲ್ಲ. ಹೆಗಡೆಯವರ ಹಲ್ಲು ಅಂಥದ್ದು. ಮೂರನೆಯ ಬಾಯಿ ಬೇರಿನ ಸರಿಯಾದ ಮಧ್ಯದಲ್ಲಿರದೆ ಒಂದು ಬದಿಗೆ ಸರಿದಿತ್ತು, ಹಾಗಿದ್ದರೆ ಇನ್ನೊಂದು ಬದಿಯಲ್ಲಿ ಅದರ ಜೋಡಿ ಇರಬೇಕೆಂದು ಹುಡುಕಿದಾಗ ನಾಲ್ಕನೆಯದು ಸಿಕ್ಕಿತು. ಹೀಗೆ ಹುಡುಕದೆ ಒಂದು ಕಾಲುವೆಯನ್ನು ಬಿಟ್ಟರೆ ಅದರೊಳಗಿನ ತಿರುಳು ಅಲ್ಲಿಯೇ ಕೊಳೆಯುತ್ತದೆ. ರೂಟ್ ಕೆನಾಲ್ ಆದ ಹಲ್ಲು ತಿಂಗಳುಗಳ ನಂತರವೂ ಬಿಸಿಗೋ ತಂಪಿಗೋ ಸ್ಪಂದಿಸುತ್ತಿದ್ದರೆ ಮೊದಲು ಬರುವ ಅನುಮಾನಗಳಲ್ಲಿ ಇದೂ ಒಂದು. ಇನ್ನೊಂದು, ಪಕ್ಕದ ಹಲ್ಲಿನ ಹುಳುಕು.

ಹಂತ 5: ಉದ್ದ ಅಳೆದು ಒಳಗನ್ನು ಚೊಕ್ಕಟಗೊಳಿಸುವುದು

ಇಡೀ ಚಿಕಿತ್ಸೆಯ ತಿರುಳು ಈ ಹಂತ, ಹೆಚ್ಚು ಹೊತ್ತು ಹಿಡಿಯುವುದೂ ಇದೇ. ಮೊದಲು ಪ್ರತಿ ಕಾಲುವೆಯ ಉದ್ದವನ್ನು ತಿಳಿಯಬೇಕು. ಅದಕ್ಕೆ ಏಪೆಕ್ಸ್ ಲೊಕೇಟರ್ ಎಂಬ ಸಣ್ಣ ಯಂತ್ರವಿದೆ. ಅದರ ಒಂದು ತಂತಿಯ ಕೊಕ್ಕೆಯನ್ನು ನಿಮ್ಮ ತುಟಿಗೆ ಸಿಕ್ಕಿಸಿ, ಇನ್ನೊಂದನ್ನು ಕಾಲುವೆಯೊಳಗಿನ ಫೈಲಿಗೆ ಹಿಡಿಸಿದರೆ, ಫೈಲಿನ ತುದಿ ಬೇರಿನ ತುದಿಯನ್ನು ಸಮೀಪಿಸುತ್ತಿದ್ದಂತೆ ಯಂತ್ರ ಸದ್ದು ಮಾಡಿ ತಿಳಿಸುತ್ತದೆ. ನಿಮಗೆ ಕೇಳಿಸುವ ಟಿಂಟಿಂ ಅದೇ. ಎಕ್ಸ್‌ರೇ ತೆಗೆದು ತಾಳೆ ನೋಡುವುದೂ ಉಂಟು. ಇವರ ಕಾಲುವೆಗಳ ಉದ್ದ 20 ಮಿಲಿಮೀಟರಿನ ಆಸುಪಾಸಿನಲ್ಲಿತ್ತು. ಕೆಲಸವನ್ನು ಎಕ್ಸ್‌ರೇಯಲ್ಲಿ ಕಾಣುವ ತುದಿಗಿಂತ ಅರ್ಧದಿಂದ ಒಂದು ಮಿಲಿಮೀಟರ್ ಹಿಂದೆಯೇ ನಿಲ್ಲಿಸುತ್ತಾರೆ. ದಾಟಿದರೆ ಸುತ್ತಲಿನ ಮೂಳೆ ಕೆರಳುತ್ತದೆ, ಬಹಳ ಹಿಂದೆ ನಿಂತರೆ ತುದಿಯ ಕೊಳೆ ಉಳಿಯುತ್ತದೆ.

ಫೈಲು ಎಂದರೆ ಸೂಜಿಯಂತೆ ಕಾಣುವ ಅರ. 10ನೇ ನಂಬರಿನ ಫೈಲಿನ ತುದಿ 0.10 ಮಿಲಿಮೀಟರ್ ದಪ್ಪ, 25ನೇ ನಂಬರಿನದು 0.25 ಮಿಲಿಮೀಟರ್. ಸಣ್ಣದರಿಂದ ಆರಂಭಿಸಿ ಕ್ರಮೇಣ ದಪ್ಪದ್ದಕ್ಕೆ ಹೋಗುತ್ತಾರೆ. ಈಗ ಹೆಚ್ಚಿನವರು ನಿಕ್ಕಲ್ ಮತ್ತು ಟೈಟೇನಿಯಂ ಬೆರೆತ, ಬಾಗಿದ ಬೇರಿನಲ್ಲಿಯೂ ಬಳುಕಿ ತಿರುಗುವ ಯಂತ್ರದ ಫೈಲುಗಳನ್ನೂ ಬಳಸುತ್ತಾರೆ. ಆದರೆ ಕಾಲುವೆಯು ಕೊರೆದ ಪೈಪಿನಂತೆ ದುಂಡಗಿರುವುದಿಲ್ಲ, ತೋಟದ ಹಳೆಯ ಕಾದಿಗೆಯಂತೆ ಅಲ್ಲಲ್ಲಿ ಕವಲು, ಮೂಲೆ, ಸಂದು ಇರುತ್ತವೆ. ಫೈಲು ತಾಗದ ಆ ಸಂದುಗಳನ್ನು ತೊಳೆಯುವುದು ದ್ರಾವಣವೇ. ಮುಖ್ಯವಾಗಿ ಬಳಸುವ ಸೋಡಿಯಂ ಹೈಪೊಕ್ಲೋರೈಟ್ ಕೊಳೆತ ತಿರುಳನ್ನು ಕರಗಿಸುತ್ತದೆ, ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ಬರುವ ವಾಸನೆಯೇ ಇದಕ್ಕೂ ಇರುವುದರಿಂದ ಗಾಬರಿಯಾಗಬೇಡಿ. ಆದರೆ ತೊಳೆಯುತ್ತಿರುವಾಗ ಜೋಮನ್ನೂ ಮೀರಿ ಒಮ್ಮೆಲೇ ತೀವ್ರ ಉರಿನೋವು ಎದ್ದರೆ, ಅಥವಾ ಬಾಯಿಗೆ ಆ ರುಚಿ ಬಂದರೆ, ಕೂಡಲೇ ಕೈ ಎತ್ತಿ. ದ್ರಾವಣ ಬೇರಿನ ತುದಿಯನ್ನು ದಾಟಿರುವ ಅಥವಾ ರಬ್ಬರ್ ಹಾಳೆಯ ಅಂಚಿನಿಂದ ಸೋರಿರುವ ಸೂಚನೆ ಅದು.

ಬಾಗಿದ ಕಾಲುವೆಯಲ್ಲಿ ಫೈಲಿನ ತುದಿ ಮುರಿದು ಉಳಿಯುವುದು ಎಷ್ಟೇ ಜಾಗರೂಕತೆಯಿದ್ದರೂ ಕೆಲವೊಮ್ಮೆ ಆಗುತ್ತದೆ. ಒಳಗಿನ ಕಾಲುವೆ ಅಷ್ಟರೊಳಗೆ ಚೊಕ್ಕಟವಾಗಿದ್ದರೆ ಆ ಚೂರನ್ನು ಅಲ್ಲಿಯೇ ಬಿಟ್ಟರೂ ಹಲ್ಲು ಉಳಿಯಬಹುದು. ಆದರೆ ಮುರಿದಿದ್ದನ್ನು ನಿಮಗೆ ತಿಳಿಸಿ, ಎಕ್ಸ್‌ರೇ ತೋರಿಸಬೇಕಾದ್ದು ವೈದ್ಯರ ಕರ್ತವ್ಯ. ಇಂಥ ಹಲ್ಲನ್ನೂ, ಹಿಂದೊಮ್ಮೆ ಚಿಕಿತ್ಸೆಯಾಗಿ ಕೆಟ್ಟ ಹಲ್ಲನ್ನೂ ಬೇರಿನ ಚಿಕಿತ್ಸೆಯಲ್ಲಿಯೇ ಹೆಚ್ಚಿನ ವ್ಯಾಸಂಗ ಮಾಡಿದ ಎಂಡೊಡಾಂಟಿಸ್ಟ್ ನೋಡುವುದು ಮೇಲು. ಕಾರವಾರದವರು ಗೋವೆಗೂ, ಶಿರಸಿಯವರು ಹುಬ್ಬಳ್ಳಿ, ಧಾರವಾಡಕ್ಕೂ, ಭಟ್ಕಳದವರು ಮಣಿಪಾಲಕ್ಕೂ ಹೋಗಿಬರುವುದು ಇಂಥ ಕಾರಣಕ್ಕೆ.

ಹಂತ 6: ತಾತ್ಕಾಲಿಕ ಸಿಮೆಂಟ್, ಮತ್ತು ಹೆಚ್ಚಿನವರು ಎಡವುವ ಜಾಗ

ತಿರುಳು ಆರೋಗ್ಯಕ್ಕೆ ಹತ್ತಿರವಿದ್ದು ಸಮಯವೂ ಸಾಕಷ್ಟಿದ್ದರೆ ಒಂದೇ ಭೇಟಿಯಲ್ಲಿ ಎಲ್ಲವನ್ನೂ ಮುಗಿಸಬಹುದು. ಕೀವು ಒಸರುತ್ತಿದ್ದರೆ, ಅಥವಾ ಹೊತ್ತು ಸಾಲದಿದ್ದರೆ, ಕಾಲುವೆಗಳಲ್ಲಿ ಸುಣ್ಣದ ಜಾತಿಯದೇ ಆದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟನ್ನು ತುಂಬಿ, ಮೇಲೆ ತಾತ್ಕಾಲಿಕ ಸಿಮೆಂಟಿನಿಂದ ಮುಚ್ಚಿ, ಒಂದೆರಡು ವಾರ ಬಿಟ್ಟು ಬರಲು ಹೇಳುತ್ತಾರೆ. ಎರಡೂ ಸರಿಯಾದ ವಿಧಾನಗಳೇ, ಒಂದೇ ಸಲಕ್ಕೆ ಮುಗಿಸುವವರು ಹೆಚ್ಚು ಜಾಣರೆಂದೇನೂ ಅಲ್ಲ.

ಮೊದಲ ಭೇಟಿಯಲ್ಲಿ ತಿರುಳು ಹೊರಬಂದ ಕಾರಣ ಹೆಗಡೆಯವರ ರಾತ್ರಿಯ ನೋವು ಅಂದೇ ನಿಂತಿತು. ಹತ್ತು ದಿನ ಬಿಟ್ಟು ಬನ್ನಿ ಎಂದಿದ್ದೆ. ಅಷ್ಟರಲ್ಲಿ ಕೊನೆ ಕೊಯ್ಲು ಶುರುವಾಯಿತು, ಅದರ ಹಿಂದೆಯೇ ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಹಲ್ಲು ಸುಮ್ಮನಿತ್ತು, ಅವರೂ ಸುಮ್ಮನಿದ್ದರು. ಅವರು ಮತ್ತೆ ಬಂದದ್ದು ಮೂರೂವರೆ ತಿಂಗಳ ನಂತರ. ಸಿಮೆಂಟು ಸವೆದು ಅರ್ಧ ಹಾರಿಹೋಗಿತ್ತು, ನಾಲಿಗೆಯ ಬದಿಯ ಗೋಡೆಯ ಒಂದು ಮೂಲೆ ಮುರಿದಿತ್ತು, ಬಾಯಲ್ಲಿ ಕೆಟ್ಟ ರುಚಿ, ಕಚ್ಚಿದರೆ ನೋವು. ಮೊದಲ ಎಕ್ಸ್‌ರೇಯಲ್ಲಿ ಆರೋಗ್ಯವಾಗಿದ್ದ ಬೇರಿನ ತುದಿಯ ಸುತ್ತ ಈಗ ಕಪ್ಪು ನೆರಳಿತ್ತು. ಅಂದರೆ ಅಲ್ಲಿನ ಮೂಳೆ ಕರಗತೊಡಗಿತ್ತು.

ಇದು ಹೇಗಾಯಿತೆಂದು ಅರ್ಥಮಾಡಿಕೊಳ್ಳುವುದು ಮುಖ್ಯ. ತಾತ್ಕಾಲಿಕ ಸಿಮೆಂಟು ಕೆಲವು ವಾರಗಳಿಗೆಂದೇ ಮಾಡಿದ ಮೆದು ವಸ್ತು. ಅದು ಕನಿಷ್ಠ 3.5ರಿಂದ 4 ಮಿಲಿಮೀಟರ್ ದಪ್ಪವಿದ್ದರೂ ಜಗಿತಕ್ಕೆ ಸವೆದು ಅಂಚಿನಲ್ಲಿ ಸಂದು ಬಿಡುತ್ತದೆ. ಆ ಸಂದಿನಿಂದ ಎಂಜಲಿನೊಡನೆ ಸೂಕ್ಷ್ಮಜೀವಿಗಳು ಕಾಲುವೆಗೆ ಇಳಿಯುತ್ತವೆ. ಒಳಗೆ ಈಗ ತಿರುಳಿಲ್ಲದಿರುವುದರಿಂದ ಅವುಗಳನ್ನು ಎದುರಿಸಲು ರಕ್ತಸಂಚಾರವೂ ಇಲ್ಲ, ಅಪಾಯವನ್ನು ನಿಮಗೆ ತಿಳಿಸಲು ನರವೂ ಇಲ್ಲ. ನೋವಿಲ್ಲದಿರುವುದೇ ಇಲ್ಲಿ ಮೋಸ. ಸಿಮೆಂಟಿನ ಮೇಲ್ಭಾಗ ಚೂರು ಉದುರಿದರೆ ಅವಸರವಿಲ್ಲ. ನಾಲಿಗೆಗೆ ಗುಳಿ ತಾಗುತ್ತಿದ್ದರೆ ಅಥವಾ ಇಡೀ ತುಂಡೇ ಬಿದ್ದರೆ ಒಂದೆರಡು ದಿನಗಳೊಳಗೆ ಮತ್ತೆ ಹಾಕಿಸಿಕೊಳ್ಳಿ. ಮಳೆಗೆ ಘಟ್ಟದ ರಸ್ತೆ ಬಂದಾಗಿದ್ದರೆ ನಿಮ್ಮೂರಿನ ಹತ್ತಿರದ ಯಾವುದೇ ದಂತವೈದ್ಯರಲ್ಲಿ ಸಿಮೆಂಟನ್ನಷ್ಟೇ ಹಾಕಿಸಿಕೊಂಡರೂ ಹಲ್ಲು ಉಳಿಯುತ್ತದೆ. ಕೊಯ್ಲಿನ ಕಾಲ ಹತ್ತಿರವಿದ್ದರೆ ಅಥವಾ ಮೀನುಗಾರಿಕೆಗೆ ದೋಣಿ ಹತ್ತುವವರಾಗಿದ್ದರೆ ಅದನ್ನು ಮೊದಲ ದಿನವೇ ಹೇಳಿ. ಎರಡನೆಯ ಭೇಟಿಯನ್ನು ಅದಕ್ಕೆ ಹೊಂದಿಸಬಹುದು, ಅಥವಾ ಹೆಚ್ಚು ಕಾಲ ತಾಳುವ ಗಟ್ಟಿ ಸಿಮೆಂಟನ್ನು ಹಾಕಬಹುದು.

ಇವರ ಹಲ್ಲನ್ನು ಮತ್ತೆ ಮೊದಲಿನಿಂದ ತೊಳೆದು, ಪೇಸ್ಟ್ ತುಂಬಿ, ಎರಡು ವಾರ ಕಾದೆವು. ಹತ್ತು ದಿನದಲ್ಲಿ ಮುಗಿಯಬೇಕಾದದ್ದು ನಾಲ್ಕು ತಿಂಗಳಿಗೆ ಹೋಯಿತು.

ಹಂತ 7: ಕಾಲುವೆಯನ್ನು ಶಾಶ್ವತವಾಗಿ ತುಂಬುವುದು

ಬಾವು, ಕೀವು, ತಟ್ಟಿದಾಗಿನ ನೋವು ಇಳಿದಿರುವುದನ್ನು ಖಚಿತಪಡಿಸಿಕೊಂಡು, ಕಾಲುವೆಗಳನ್ನು ಒಣಗಿಸಿ, ಗಟ್ಟಾಪರ್ಚಾ ಕಡ್ಡಿಗಳನ್ನು ಸೀಲರ್ ಎಂಬ ಅಂಟಿನೊಡನೆ ತುಂಬುತ್ತಾರೆ. ಗಟ್ಟಾಪರ್ಚಾ ಎಂಬುದು ಮಲಯ ಸೀಮೆಯ ಮರವೊಂದರ ಹಾಲಿನಿಂದ ಬಂದ ರಬ್ಬರಿನಂಥ ವಸ್ತು. ನಮ್ಮ ಅಂಗಳದ ಚಿಕ್ಕು, ಬಕುಳಗಳ ಕುಟುಂಬಕ್ಕೇ ಸೇರಿದ ಮರ ಅದು. ಈ ಭೇಟಿ ಹೆಚ್ಚು ನೋಯುವುದಿಲ್ಲ. ಕೊನೆಯಲ್ಲಿ ತೆಗೆದ ಎಕ್ಸ್‌ರೇಯನ್ನು ತೋರಿಸಲು ಕೇಳಿ. ಬಿಳಿ ಗೆರೆಗಳು ಬೇರಿನ ತುದಿಗೆ 2 ಮಿಲಿಮೀಟರಿಗಿಂತ ಹತ್ತಿರದವರೆಗೆ ನಡುವೆ ಖಾಲಿ ಬಿಡದೆ ಇಳಿದಿರಬೇಕು, ತುದಿಯನ್ನು ದಾಟಿ ಹೊರಚಾಚಿರಬಾರದು. ಆ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇರೆ ವೈದ್ಯರಲ್ಲಿಗೆ ಹೋದಾಗ ಅದಕ್ಕೆ ಬೆಲೆಯಿದೆ.

ಹಂತ 8: ಕ್ಯಾಪ್

ಹೆಚ್ಚು ಹಾಳಾಗದ ಮುಂದಿನ ಹಲ್ಲಿಗೆ ಭರ್ತಿಯೊಂದೇ ಸಾಕಾಗಬಹುದು. ದವಡೆ ಹಲ್ಲಿನ ಸ್ಥಿತಿ ಬೇರೆ. ಹುಳುಕು ಒಂದಿಷ್ಟನ್ನು ತಿಂದಿರುತ್ತದೆ, ದಾರಿ ಮಾಡಲು ನಾವು ನಡುವಿನ ಚಾವಣಿಯನ್ನೇ ತೆಗೆದಿರುತ್ತೇವೆ, ಉಳಿದ ಗೋಡೆಗಳು ಜಗಿಯುವಾಗ ಹೊರಕ್ಕೆ ಬಾಗುತ್ತವೆ. ಮಾಡು ತೆಗೆದ ಮಣ್ಣಿನ ಮನೆಯ ಗೋಡೆಗಳಂತೆ. ಗೋಡೆಯ ಬಿರುಕು ಬೇರಿಗೆ ಇಳಿದ ದಿನ ಹಲ್ಲು ಕೀಳುವುದೊಂದೇ ಉಳಿಯುವ ದಾರಿ. ಹಲ್ಲು ಬಲಹೀನವಾಗುವುದು ನರ ಹೋದದ್ದರಿಂದಲ್ಲ, ಗಟ್ಟಿ ಭಾಗ ಕಡಿಮೆಯಾದದ್ದರಿಂದ.

ಆದ್ದರಿಂದ ಮೊದಲು ಒಳಗಿನ ಗುಳಿಯನ್ನು ಗಟ್ಟಿ ಭರ್ತಿಯಿಂದ ಕಟ್ಟಿ, ಹಲ್ಲನ್ನು ಸುತ್ತಲೂ ತುಸು ಅರೆದು, ಅಳತೆ ತೆಗೆದು ಕ್ಯಾಪ್ ಮಾಡಿಸುತ್ತಾರೆ. ಇದನ್ನು ಕೆಲವೇ ವಾರಗಳೊಳಗೆ ಮುಗಿಸಿ. ಲೋಹದ್ದು, ಲೋಹದ ಮೇಲೆ ಪಿಂಗಾಣಿ ಹಚ್ಚಿದ್ದು, ಜಿರ್ಕೋನಿಯಾದ್ದು ಹೀಗೆ ಬಗೆಗಳಿವೆ. ಕವಳ ಬಿಡಲಾರದವರಿಗೆ ಹಿಂದಿನ ಹಲ್ಲಿನಲ್ಲಿ ಪಿಂಗಾಣಿ ಪದರ ಚಕ್ಕೆ ಏಳುವ ಸಾಧ್ಯತೆ ಹೆಚ್ಚೆಂದು ನಾನು ಲೋಹ ಅಥವಾ ಜಿರ್ಕೋನಿಯಾ ಸೂಚಿಸುತ್ತೇನೆ. ಇನ್ನು ಹಣದ ಮಾತು. ರೂಟ್ ಕೆನಾಲಿಗೆ ಹೇಳಿದ ಮೊತ್ತದಲ್ಲಿ ಒಳಭರ್ತಿ ಮತ್ತು ಕ್ಯಾಪ್ ಸೇರಿವೆಯೇ ಎಂದು ಮೊದಲ ದಿನವೇ ಕೇಳಿ. ದುಡ್ಡು ಕೂಡಿಬಂದ ಮೇಲೆ ಕ್ಯಾಪ್ ಹಾಕಿಸೋಣ ಎಂದು ಮುಂದೂಡಿ ಹಲ್ಲನ್ನು ಒಡೆದುಕೊಂಡು ಬರುವವರನ್ನು ನೋಡುತ್ತಲೇ ಇದ್ದೇನೆ.

ಮನೆಗೆ ಹೋದ ಮೇಲೆ

ಜೋಮು ಇಳಿಯುವವರೆಗೆ ಬಿಸಿ ಚಹಾ, ಕವಳ, ಜಗಿಯುವ ತಿಂಡಿ ಯಾವುದೂ ಬೇಡ. ತುಟಿ, ಕೆನ್ನೆ ಕಚ್ಚಿಕೊಂಡದ್ದು ಆಗ ಗೊತ್ತಾಗುವುದಿಲ್ಲ, ಜೋಮು ಇಳಿದ ಮೇಲೆ ಹುಣ್ಣಾಗಿ ಕಾಡುತ್ತದೆ. ಒಂದೆರಡು ದಿನ ಗಂಜಿ, ತಂಬುಳಿ ಅನ್ನದಂಥ ಮೆತ್ತಗಿನದನ್ನು ಇನ್ನೊಂದು ಬದಿಯಲ್ಲಿ ತಿನ್ನಿ. ಚಕ್ಕುಲಿ, ಹಪ್ಪಳಗಳನ್ನು ಕ್ಯಾಪ್ ಕೂರುವವರೆಗೂ ಆ ಬದಿಗೆ ತರಬೇಡಿ. ಹಲ್ಲುಜ್ಜುವುದನ್ನು ಮಾತ್ರ ನಿಲ್ಲಿಸಬಾರದು.

ತಿರುಳೇ ಇಲ್ಲದ ಹಲ್ಲು ಏಕೆ ನೋಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಹಲ್ಲಿನ ಹೊರಗಿದೆ. ಬೇರನ್ನು ಮೂಳೆಗೆ ಹಿಡಿದಿಡುವ ನಾರುಗಳ ಪದರದಲ್ಲಿ ನರಗಳು ಜೀವಂತವಾಗಿಯೇ ಇರುತ್ತವೆ, ಕೆಲಸದ ಪೆಟ್ಟಿಗೆ ಅವು ಸ್ವಲ್ಪ ಊದಿಕೊಂಡಿರುತ್ತವೆ. ಆದ್ದರಿಂದ ಕಚ್ಚಿದಾಗ ಮಂದವಾದ ನೋವು ಮೊದಲ ಒಂದೆರಡು ದಿನ ಹೆಚ್ಚಿದ್ದು, ಸಾಮಾನ್ಯವಾಗಿ ವಾರದೊಳಗೆ ತಗ್ಗುತ್ತದೆ. ಬರೆದುಕೊಟ್ಟ ನೋವಿನ ಮಾತ್ರೆಯನ್ನು ಜೋಮು ಪೂರ್ತಿ ಇಳಿಯುವ ಮೊದಲೇ, ಊಟದ ನಂತರ ತೆಗೆದುಕೊಳ್ಳಿ. ಐಬುಪ್ರೊಫೆನ್ ಇದಕ್ಕೆ ಚೆನ್ನಾಗಿ ಹೊಂದುವ ಮಾತ್ರೆ, ಆದರೆ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರಿಗೆ ಸಲ್ಲದು. ಅಂಥವರಿಗೆ ಸಾಮಾನ್ಯವಾಗಿ ಪ್ಯಾರಸಿಟಮಾಲ್ ಕೊಡುತ್ತಾರೆ. ಮಳೆಗಾಲದಲ್ಲಿ ಜ್ವರವೂ ಜೊತೆಗಿದ್ದರೆ ಡೆಂಗ್ಯೂ ಅಲ್ಲವೆಂದು ತಿಳಿಯುವವರೆಗೆ ಐಬುಪ್ರೊಫೆನ್ ಬೇಡ.

ಬಾಯಿ ಮುಚ್ಚಿದಾಗ ಆ ಹಲ್ಲೊಂದೇ ಮೊದಲು ತಾಗುತ್ತಿದ್ದರೆ ಭರ್ತಿ ಎತ್ತರವಾಗಿದೆ ಎಂದರ್ಥ. ತಾನಾಗಿ ಕೂತುಕೊಳ್ಳುತ್ತದೆಂದು ಕಾಯಬೇಡಿ. ತುಸು ಅರೆದರೆ ಎರಡು ನಿಮಿಷದಲ್ಲಿ ಮುಗಿಯುವ ಕೆಲಸ ಅದು, ಬಿಟ್ಟರೆ ವಾರಗಟ್ಟಲೆ ನೋಯುತ್ತದೆ. ಇನ್ನು ಕೆಲವೇ ಜನರಲ್ಲಿ ಭೇಟಿಯ ಕೆಲವು ಗಂಟೆಗಳ ಅಥವಾ ಒಂದೆರಡು ದಿನಗಳ ನಂತರ ನೋವು ಏರುತ್ತಾ ಹೋಗಿ ಬಾವು ಬರುತ್ತದೆ. ಇದು ಚಿಕಿತ್ಸೆ ಕೆಟ್ಟಿತೆಂಬುದರ ಗುರುತಲ್ಲ, ಆದರೆ ಫೋನ್ ಮಾಡಿ ಹೋಗಿ ತೋರಿಸಬೇಕಾದ ಸಂಗತಿ. ಹೊರಗಿನಿಂದ ಬಿಸಿ ಶಾಖ ಕೊಡಬೇಡಿ.

ಕೆಳಗಿನ ಲಕ್ಷಣಗಳಿಗೆ ಮಾತ್ರ ಬೆಳಗಾಗುವವರೆಗೆ ಕಾಯುವಂತಿಲ್ಲ: ಬಾವು ದವಡೆಯ ಕೆಳಗೆ ಕುತ್ತಿಗೆಯ ಕಡೆ ಇಳಿಯುವುದು, ನಾಲಿಗೆಯ ಅಡಿ ಗಟ್ಟಿಯಾಗಿ ಉಬ್ಬಿ ನಾಲಿಗೆ ಮೇಲೇಳುವುದು, ಎಂಜಲು ನುಂಗಲಾಗದಿರುವುದು, ಬಾಯಿ ತೆರೆಯಲಾಗದಿರುವುದು, ಉಸಿರಾಟ ಕಷ್ಟವಾಗುವುದು. ಕೆಳದವಡೆಯ ಹಿಂದಿನ ಹಲ್ಲುಗಳ ಸೋಂಕು ಹೀಗೆ ಕುತ್ತಿಗೆಗೆ ಇಳಿದರೆ ಶ್ವಾಸನಾಳವನ್ನೇ ಒತ್ತಬಲ್ಲದು. ಆಗ ಹುಡುಕಬೇಕಾದದ್ದು ದಂತ ಚಿಕಿತ್ಸಾಲಯವನ್ನಲ್ಲ. 108ಕ್ಕೆ ಕರೆ ಮಾಡಿ, ತಾಲೂಕು ಆಸ್ಪತ್ರೆ ಅಥವಾ ಕಾರವಾರದ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಒಂದು ವರ್ಷದ ನಂತರದ ಎಕ್ಸ್‌ರೇ

ಬೇರಿನ ತುದಿಯಲ್ಲಿ ಕಪ್ಪು ನೆರಳಿದ್ದ ಹಲ್ಲು ಗುಣವಾಗಿದೆಯೇ ಎಂಬುದು ನೋವಿನಿಂದ ತಿಳಿಯುವುದಿಲ್ಲ. ಕರಗಿದ ಮೂಳೆ ಮತ್ತೆ ತುಂಬಿಕೊಳ್ಳಲು ತಿಂಗಳುಗಳು ಬೇಕು, ಆದ್ದರಿಂದ ಒಂದು ವರ್ಷದ ಬಳಿಕ ಎಕ್ಸ್‌ರೇ ತೆಗೆದು ಮೊದಲಿನದರೊಡನೆ ಹೋಲಿಸುತ್ತಾರೆ. ನೆರಳು ಚಿಕ್ಕದಾಗಿದ್ದರೂ ಪೂರ್ತಿ ಮಾಯವಾಗದಿದ್ದರೆ ನಾಲ್ಕು ವರ್ಷಗಳವರೆಗೂ ಕಾದು ನೋಡುವುದುಂಟು. ಹೆಗಡೆಯವರದು ವರ್ಷದಲ್ಲಿ ಕಾಳುಮೆಣಸಿನ ಗಾತ್ರದಿಂದ ಸಾಸಿವೆಯಷ್ಟಕ್ಕೆ ಇಳಿದಿದೆ, ಮುಂದಿನ ವರ್ಷ ಮತ್ತೆ ನೋಡಬೇಕು.

ಈ ನಡುವೆ ಕ್ಯಾಪ್ ಹಾಕಿದ ಹಲ್ಲಿನ ವಸಡಿನಲ್ಲಿ ಮೊಡವೆಯಂಥ ಗುಳ್ಳೆ ಎದ್ದು, ಒಡೆದು, ಮತ್ತೆ ಅದೇ ಜಾಗದಲ್ಲಿ ಏಳುತ್ತಿದ್ದರೆ ಅದನ್ನು ಮೈಯ ಉಷ್ಣವೆಂದು ಎಳನೀರು ಕುಡಿದು ಬಿಟ್ಟುಬಿಡಬೇಡಿ. ಅದು ನೋಯುವುದಿಲ್ಲ, ಏಕೆಂದರೆ ಒಳಗಿನ ಕೀವು ಅದರ ಮೂಲಕ ಹೊರಹೋಗುತ್ತಿರುತ್ತದೆ. ಬಿಟ್ಟುಹೋದ ಕಾಲುವೆ, ಸಡಿಲವಾದ ಕ್ಯಾಪಿನ ಅಂಚು, ಬೇರಿನ ಬಿರುಕು, ಈ ಮೂರರಲ್ಲಿ ಯಾವುದು ಕಾರಣ ಎಂಬುದನ್ನು ಎಕ್ಸ್‌ರೇ ತೆಗೆದು, ವಸಡಿನ ಸುತ್ತ ಅಳೆದು ನೋಡಿದ ಮೇಲೆಯೇ ಹೇಳಲು ಸಾಧ್ಯ. ಮೊದಲ ಎರಡಕ್ಕೆ ಮರುಚಿಕಿತ್ಸೆ ಇದೆ.